ಎರಡು ಮಂಚಗಳ ನಡುವಿನ ಗರಡಿ

ಹಾಸ್ಟೆಲ್ ವಿದ್ಯಾರ್ಥಿಗಳ ವ್ಯಾಯಾಮ ಸಾಮಾನ್ಯವಾಗಿ ನಿಂತುಹೋಗುವುದು ಇಂಟರ್ನಲ್ಸ್ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬಂದ ವಾರ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು ಎಂದು ಗೋಡೆಗೆ ಅಂಟಿಸಿಕೊಂಡ ಪಟ್ಟಿ ಆ ವಾರ ಒಮ್ಮೆ ತಪ್ಪುತ್ತದೆ, ಮುಂದಿನ ವಾರ ಪೂರ್ತಿ ತಪ್ಪುತ್ತದೆ, ಮೂರನೆಯ ವಾರಕ್ಕೆ ಅದರತ್ತ ನೋಡುವುದೇ ಬೇಡವೆನಿಸುತ್ತದೆ. ಕಾರಣ ಕೇಳಿದರೆ ಜಾಗವಿಲ್ಲ, ಸಲಕರಣೆಯಿಲ್ಲ, ಜಿಮ್ಮಿಗೆ ಕಟ್ಟಲು ದುಡ್ಡಿಲ್ಲ ಎನ್ನುವ ಉತ್ತರ ಬರುತ್ತದೆ. ಮೂರೂ ನಿಜವೇ. ಆದರೆ ಜಾಗವಿಲ್ಲದ್ದು ಪಟ್ಟಿ ಅಂಟಿಸಿದ ದಿನವೂ ಹಾಗೆಯೇ ಇತ್ತು, ನಡುವೆ ಬಂದದ್ದು ಪರೀಕ್ಷೆ ಮಾತ್ರ. ಜಿಮ್ಮಿನ ಪಟ್ಟಿಗಳೆಲ್ಲ ಎಲ್ಲ ವಾರಗಳೂ ಒಂದೇ ತರಹ ಇರುತ್ತವೆ ಎಂದು ನಂಬಿ ಬರೆದಂಥವು. ಸೆಮಿಸ್ಟರಿನಲ್ಲಿ ಹಾಗಿರುವುದಿಲ್ಲ. ಬರೀ ಕ್ಲಾಸಿನ ವಾರಗಳು, ಇಂಟರ್ನಲ್ಸ್ ವಾರಗಳು, ಪ್ರಾಕ್ಟಿಕಲ್ಸ್, ನಡುನಡುವೆ ರಜೆಯಿಟ್ಟುಕೊಂಡು ತಿಂಗಳಿಡೀ ಎಳೆಯುವ ಥಿಯರಿ ಪರೀಕ್ಷೆಗಳು, ಅವೂ ಕೆಲವೊಮ್ಮೆ ಮುಂದೂಡಿಕೆ. ಇಂಥ ಕ್ಯಾಲೆಂಡರಿಗೆ ಹೊಂದುವ ವ್ಯಾಯಾಮ ಬೇರೆ ರೀತಿಯದಾಗಿರಬೇಕು. ಅದರಲ್ಲಿ ಶಕ್ತಿಯನ್ನು ಕಟ್ಟುವ ವಾರಗಳು ಬೇರೆ, ಕಟ್ಟಿದ್ದನ್ನು ಕಾಯುವ ವಾರಗಳು ಬೇರೆ. ಕಾಯುವುದಕ್ಕೆ ಬೇಕಾದ ಶ್ರಮ ಕಟ್ಟುವುದಕ್ಕೆ ಬೇಕಾದದ್ದರ ಒಂದು ಸಣ್ಣ ಪಾಲು ಮಾತ್ರ ಎನ್ನುವುದು ಈ ಲೇಖನದ ವಾದ.

ಒಂಬತ್ತರಲ್ಲಿ ಒಂದು ಪಾಲು

ಈ ಮಾತಿಗೆ ಒಳ್ಳೆಯ ಆಧಾರವೊಂದಿದೆ. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20ರಿಂದ 35 ವರ್ಷದವರು ಮತ್ತು 60 ದಾಟಿದವರು ಎಂಬ ಎರಡು ಗುಂಪುಗಳಿದ್ದವು. ಎಲ್ಲರೂ ಮೊದಲ 16 ವಾರ, ವಾರಕ್ಕೆ ಮೂರು ದಿನ, ಪ್ರತಿ ವ್ಯಾಯಾಮವನ್ನೂ ಮೂರು ಸೆಟ್‌ನಂತೆ ಕಾಲಿಗೆ ಭಾರದ ತರಬೇತಿ ಪಡೆದರು. ಆಮೇಲಿನ 32 ವಾರ ಅವರನ್ನು ಮೂರು ಪಾಲು ಮಾಡಲಾಯಿತು. ಕೆಲವರು ಪೂರ್ತಿ ಬಿಟ್ಟರು. ಕೆಲವರು ವಾರಕ್ಕೆ ಒಂದೇ ದಿನ ಮೂರು ಸೆಟ್ ಮಾಡಿದರು. ಉಳಿದವರು ವಾರಕ್ಕೆ ಒಂದೇ ದಿನ, ಒಂದೇ ಸೆಟ್, ಎಂದರೆ ಮೊದಲಿನ ಕೆಲಸದ ಒಂಬತ್ತನೇ ಒಂದು ಪಾಲು ಮಾಡಿದರು. ಕಿರಿಯರ ಗುಂಪಿನಲ್ಲಿ ಈ ಕೊನೆಯವರು ಕೂಡ ಗಳಿಸಿದ ಬಲವನ್ನೂ ಸ್ನಾಯುವಿನ ಗಾತ್ರವನ್ನೂ ಉಳಿಸಿಕೊಂಡರು. ಹಿರಿಯರಿಗೆ ಬಲ ಉಳಿಯಿತಾದರೂ ಗಾತ್ರ ಉಳಿಸಿಕೊಳ್ಳಲು ಅಷ್ಟು ಸಾಲಲಿಲ್ಲ. ಕಾಲೇಜು ವಿದ್ಯಾರ್ಥಿ ಈ ಲೆಕ್ಕದಲ್ಲಿ ಅದೃಷ್ಟದ ವಯಸ್ಸಿನಲ್ಲಿದ್ದಾನೆ.

ಈ ಫಲಿತಾಂಶದ ಒಳಗೊಂದು ಷರತ್ತಿದೆ, ಅದನ್ನು ಗಮನಿಸದಿದ್ದರೆ ಇಡೀ ಪಾಠವೇ ತಲೆಕೆಳಗಾಗುತ್ತದೆ. ಆ ಯುವಕರು ಕಡಿಮೆ ಮಾಡಿದ್ದು ದಿನಗಳನ್ನು ಮತ್ತು ಸೆಟ್‌ಗಳನ್ನು. ಎತ್ತುವ ಭಾರದಲ್ಲಿ ಅವರಿಗೆ ರಿಯಾಯಿತಿ ಇರಲಿಲ್ಲ. ಹಾಸ್ಟೆಲಿನಲ್ಲಿ ನಡೆಯುವುದು ಇದರ ವಿರುದ್ಧ. ಪರೀಕ್ಷೆ ಹತ್ತಿರ ಬಂದಾಗ ‘ಪೂರ್ತಿ ಬಿಡುವುದು ಬೇಡ’ ಎಂದುಕೊಂಡು ದಿನಾ ಬೆಳಗ್ಗೆ ಇಪ್ಪತ್ತು ಸುಲಭದ ಪುಷ್‌ಅಪ್ ಹೊಡೆಯುವುದು ರೂಢಿ. ದಿನ ಹಾಗೇ ಉಳಿಯಿತು, ಕಷ್ಟ ಇಳಿಯಿತು. ಸ್ನಾಯುವಿಗೆ ತನ್ನ ಬಲವನ್ನು ಉಳಿಸಿಕೊಳ್ಳಲು ಕಾರಣ ಕೊಡುವುದು ಕಷ್ಟವೇ ಹೊರತು ಹಾಜರಿಯಲ್ಲ. ಅಧ್ಯಯನ ನಡೆದದ್ದು ಯಂತ್ರಗಳ ಮೇಲೆ, ಕಾಲುಗಳಿಗೆ. ಮೈಭಾರದ ವ್ಯಾಯಾಮಕ್ಕೆ ಅದನ್ನು ಅನ್ವಯಿಸುವುದು ಒಂದು ತರ್ಕದ ಹೆಜ್ಜೆ ಎನ್ನುವುದನ್ನು ಒಪ್ಪಬೇಕು. ಆ ಹೆಜ್ಜೆ ನಿಲ್ಲುವುದು ಸಲಕರಣೆಯಿಲ್ಲದೆಯೂ ಕಷ್ಟವನ್ನು ಅಳೆದು ಹೆಚ್ಚಿಸಬಹುದು ಎಂದು ತೋರಿಸಿದರೆ ಮಾತ್ರ.

ಭಾರವಿಲ್ಲದೆ ಕಷ್ಟ

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಇಲ್ಲದ ಯುವಕರು ತಾವು ಎತ್ತಬಲ್ಲ ಗರಿಷ್ಠ ಭಾರದ ಶೇ 80ರಷ್ಟನ್ನೂ ಶೇ 30ರಷ್ಟನ್ನೂ ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೆ ಎತ್ತಿದರು. 10 ವಾರಗಳ ನಂತರ, ಸಮಾನ ಸೆಟ್‌ಗಳನ್ನು ಮಾಡಿದವರಲ್ಲಿ ಸ್ನಾಯು ಬೆಳೆದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಮಾತ್ರ ಹೆಚ್ಚು ಭಾರ ಎತ್ತಿದವರು ಮುಂದಿದ್ದರು. 2017ರಲ್ಲಿ ಜಪಾನಿನ ಸಂಶೋಧಕರು ಹಗುರ ಭಾರದ ಬೆಂಚ್ ಪ್ರೆಸ್ಸನ್ನೂ ಅಷ್ಟೇ ಭಾರ ಬೀಳುವಂತೆ ಹೊಂದಿಸಿದ ಪುಷ್‌ಅಪ್ಪನ್ನೂ ಎಂಟು ವಾರ ಹೋಲಿಸಿದಾಗ ಎದೆಯ ಸ್ನಾಯು ಎರಡರಲ್ಲೂ ಒಂದೇ ರೀತಿ ದಪ್ಪವಾಗಿತ್ತು. ಕಬ್ಬಿಣವೋ ಮೈಭಾರವೋ ಎನ್ನುವುದಕ್ಕಿಂತ ಪ್ರತಿ ಸೆಟ್ ಸೋಲಿನ ಹತ್ತಿರಕ್ಕೆ ಹೋಗುತ್ತದೆಯೇ ಎನ್ನುವುದು ಮುಖ್ಯ. ‘ಇನ್ನು ಹೆಚ್ಚೆಂದರೆ ಎರಡು ಆಗಬಹುದಿತ್ತು’ ಎನ್ನುವಲ್ಲಿ ನಿಲ್ಲಿಸಿದರೆ ಸಾಕು. ಅದನ್ನು ಗುರುತಿಸುವ ಬಗೆ ಸುಲಭ. ವೇಗವಾಗಿ ಏಳಬೇಕೆಂದು ತಳ್ಳಿದರೂ ಮೈ ತಾನಾಗಿ ನಿಧಾನವಾಗಿ ಏಳತೊಡಗಿದರೆ ಕೊನೆ ಹತ್ತಿರವಿದೆ. ಕೊನೆಯ ಪುಷ್‌ಅಪ್ ಮೊದಲನೆಯದರಷ್ಟೇ ವೇಗದಲ್ಲಿ ಮುಗಿದರೆ, ಎಣಿಕೆ ಎಷ್ಟೇ ಇದ್ದರೂ ಆ ಸೆಟ್ ಅರ್ಧಕ್ಕೆ ನಿಂತಿದೆ.

ನಮ್ಮ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದವರಿಗೂ ಸಲಕರಣೆ ಬೇಕಿರಲಿಲ್ಲ. ಆದರೆ ಬರಿಗೈಯ ದಂಡ-ಬಸ್ಕಿಯಲ್ಲಿ ಮುಂದುವರಿಯಲು ಇದ್ದ ದಾರಿ ಎಣಿಕೆಯನ್ನು ಏರಿಸುವುದು. ಐವತ್ತು ನೂರಾಗಬೇಕು, ನೂರು ಇನ್ನೂರಾಗಬೇಕು. ಇದರಿಂದ ತಾಳಿಕೆ ಬೆಳೆಯುತ್ತದೆ, ಜತೆಗೆ ಸಮಯವೂ ಬೆಳೆಯುತ್ತದೆ. ಹಾಸ್ಟೆಲ್ ವಿದ್ಯಾರ್ಥಿಗೆ ಇಲ್ಲದ್ದು ಅದೇ. ಆದ್ದರಿಂದ ಎಣಿಕೆಯನ್ನು 20ರ ಆಸುಪಾಸಿನಲ್ಲೇ ಇಟ್ಟು ಭಂಗಿಯನ್ನು ಕಠಿಣಗೊಳಿಸುತ್ತ ಹೋಗಬೇಕು. ಪುಷ್‌ಅಪ್‌ನಲ್ಲಿ ಇದಕ್ಕೆ ಅಳೆದ ಲೆಕ್ಕವೇ ಇದೆ. ನೆಲದ ಮೇಲಿನ ಸಾಮಾನ್ಯ ಪುಷ್‌ಅಪ್‌ನಲ್ಲಿ ಕೈಗಳ ಮೇಲೆ ಬೀಳುವುದು ಮೈಭಾರದ ಸುಮಾರು ಶೇ 64. ಕೈಗಳನ್ನು 60 ಸೆಂ.ಮೀ. ಎತ್ತರದ ಆಸರೆಯ ಮೇಲಿಟ್ಟರೆ ಅದು ಶೇ 41ಕ್ಕೆ ಇಳಿಯುತ್ತದೆ, 30 ಸೆಂ.ಮೀ. ಎತ್ತರದಲ್ಲಿ ಶೇ 55. ಪಾದಗಳನ್ನು 60 ಸೆಂ.ಮೀ. ಮೇಲಿಟ್ಟರೆ ಶೇ 74ಕ್ಕೆ ಏರುತ್ತದೆ. 60 ಕೆ.ಜಿ. ತೂಕದವರಿಗೆ ಇದು ಸುಮಾರು 25 ಕೆ.ಜಿ.ಯಿಂದ 44 ಕೆ.ಜಿ.ವರೆಗಿನ ಏಣಿ. ಓದುವ ಮೇಜು, ಒಂದೂವರೆ ಅಡಿ ಎತ್ತರದ ಮಂಚ, ನೆಲ, ಆಮೇಲೆ ಪಾದ ಮಂಚದ ಮೇಲೆ: ನಾಲ್ಕು ಮೆಟ್ಟಿಲು ರೂಮಿನಲ್ಲೇ ಇವೆ. ಐದನೆಯದಕ್ಕೆ ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡರಾಯಿತು.

ಪುಷ್‌ಅಪ್ ಜತೆಗೆ ಇನ್ನು ಮೂರು ಚಲನೆ ಸಾಕು. ಮೊದಲನೆಯದು ಎಳೆಯುವುದು. ಬ್ಯಾಗಿನಲ್ಲಿ ನೀರು ತುಂಬಿದ ಬಾಟಲಿಗಳನ್ನು ಜೋಡಿಸಿ, ಒಂದು ಕೈಯನ್ನು ಮಂಚದ ಅಂಚಿಗೆ ಊರಿ, ಬೆನ್ನು ನೇರವಾಗಿರುವಂತೆ ಬಾಗಿ, ಇನ್ನೊಂದು ಕೈಯಿಂದ ಬ್ಯಾಗನ್ನು ಸೊಂಟದತ್ತ ಎಳೆಯಬೇಕು. ಒಂದು ಲೀಟರ್ ನೀರು ಒಂದು ಕೆ.ಜಿ. ಆದ್ದರಿಂದ ತಕ್ಕಡಿಯೂ ಬೇಡ. ಬ್ಯಾಗಿನ ಮೇಲಿನ ಸಣ್ಣ ಕುಣಿಕೆಯನ್ನು ಹಿಡಿದರೆ ಹೊಲಿಗೆ ಬಿಡುತ್ತದೆ, ಎರಡೂ ಪಟ್ಟಿಗಳನ್ನು ಸೇರಿಸಿ ಹಿಡಿಯಬೇಕು. ಎರಡನೆಯದು ಹಿಂದಿನ ಪಾದವನ್ನು ಮಂಚದ ಮೇಲಿಟ್ಟು ಮಾಡುವ ಒಂಟಿಗಾಲ ಬಸ್ಕಿ. ಎರಡು ಕಾಲು ಹೊರುತ್ತಿದ್ದ ಭಾರದ ಬಹುಪಾಲು ಒಂದರ ಮೇಲೆ ಬೀಳುವುದರಿಂದ ಸಾಮಾನ್ಯ ಬಸ್ಕಿ ಐವತ್ತು ಹೊಡೆಯುವವರೂ ಇಲ್ಲಿ ಹತ್ತಕ್ಕೆ ನಡುಗುತ್ತಾರೆ. ಮೂರನೆಯದು ತೊಡೆಯ ಹಿಂಬದಿ ಮತ್ತು ಪೃಷ್ಠಕ್ಕೆ. ಯೋಗದ ಸೇತುಬಂಧದಂತೆ ನೆಲದ ಮೇಲೆ ಮಲಗಿ, ಒಂದು ಹಿಮ್ಮಡಿಯನ್ನು ಮಂಚದ ಚೌಕಟ್ಟಿನ ಮೇಲಿಟ್ಟು, ಇನ್ನೊಂದು ಕಾಲನ್ನು ಎತ್ತಿ ಹಿಡಿದು ಸೊಂಟವನ್ನು ಏರಿಸುವುದು. ಹಾಸಿಗೆಯ ಮೇಲೆ ಹಿಮ್ಮಡಿ ಜಾರುತ್ತದೆ, ಗೋಡೆಗೆ ತಾಗದ ಮಂಚವೇ ಜಾರುತ್ತದೆ, ಎರಡನ್ನೂ ಮೊದಲು ನೋಡಿಕೊಳ್ಳಬೇಕು. ನಾಲ್ಕಕ್ಕೂ ಆರಡಿ ಉದ್ದ, ಎರಡೂವರೆ ಅಡಿ ಅಗಲದ ಜಾಗ ಸಾಕು. ಹಾರುವಿಕೆ ಇಲ್ಲದ್ದರಿಂದ ಕೆಳಗಿನ ರೂಮಿನವರ ನಿದ್ದೆ ಕೆಡುವುದಿಲ್ಲ. ಸಂಜೆಗೇ ಗೇಟು ಮುಚ್ಚುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲೂ ಗಂಟೆ ನೋಡದೆ ಮಾಡಬಹುದು.

ವಾರದ ಹೆಸರಿಲ್ಲದ ಪಟ್ಟಿ

ಈಗ ಸಮಯದ ಲೆಕ್ಕ. ಪುಷ್‌ಅಪ್ ಒಂದು ಸೆಟ್, ಒಂದು ನಿಮಿಷ ವಿಶ್ರಾಂತಿ, ಬ್ಯಾಗ್ ಎಳೆತ ಎರಡೂ ಕೈಗೆ, ಮತ್ತೆ ಒಂದು ನಿಮಿಷ ವಿಶ್ರಾಂತಿ. ಇದಕ್ಕೆ ಸುಮಾರು ನಾಲ್ಕು ನಿಮಿಷ. ಒಂದು ಚಲನೆ ನಡೆಯುವಾಗ ಇನ್ನೊಂದರ ಸ್ನಾಯುಗಳು ಬಿಡುವಾಗಿರುವುದರಿಂದ ಜೋಡಿ ಮಾಡಿದರೆ ಸಮಯ ಉಳಿಯುತ್ತದೆ. ಒಂಟಿಗಾಲ ಬಸ್ಕಿ ಮತ್ತು ಸೇತುವೆಯ ಜೋಡಿಗೂ ಅಷ್ಟೇ. ಎರಡು ಜೋಡಿ ಸೇರಿ ಒಂದು ಸುತ್ತು, ಎಂಟು ನಿಮಿಷ. ಕಟ್ಟುವ ವಾರದಲ್ಲಿ ಮೂರು ಸುತ್ತು, ವಾರಕ್ಕೆ ಮೂರು ಸಲ. ಒಟ್ಟು ಒಂಬತ್ತು ಸುತ್ತು, 72 ನಿಮಿಷ. ಕಾಯುವ ವಾರದಲ್ಲಿ ಒಂದೇ ಸುತ್ತು, ಒಂದೇ ಸಲ, ಎಂಟು ನಿಮಿಷ. ಪಟ್ಟಿಯಲ್ಲಿ ವಾರದ ಹೆಸರೇ ಬೇಡ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದಿನಾಂಕ, ಮೆಟ್ಟಿಲು, ಎಣಿಕೆ ಬರೆಯುವುದು, ಎರಡು ಅಭ್ಯಾಸಗಳ ನಡುವೆ ಕನಿಷ್ಠ ಒಂದು ದಿನ ಬಿಡುವುದು, ಇಷ್ಟೇ ನಿಯಮ. ಮಂಗಳವಾರ ತಪ್ಪಿದರೆ ‘ಬೆನ್ನು ತಪ್ಪಿತು’ ಎಂದಾಗುವುದಿಲ್ಲ. ಮುಂದಿನ ಬಾರಿ ಯಾವಾಗ ಬಂದರೂ ಅದೇ ಮುಂದಿನ ಸಾಲು.

60 ಕೆ.ಜಿ. ತೂಕದ, ನೆಲದ ಮೇಲೆ ಸರಿಯಾಗಿ ಆರು ಪುಷ್‌ಅಪ್ ಮಾತ್ರ ಹೊಡೆಯಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಆರು ತೀರಾ ಕಡಿಮೆಯಾದ್ದರಿಂದ ಅವನು ಕೈಗಳನ್ನು ಮಂಚದ ಮೇಲಿಟ್ಟು ಶುರುಮಾಡುತ್ತಾನೆ. ಅಲ್ಲಿ ಹೆಚ್ಚುಕಡಿಮೆ ಅರ್ಧ ಮೈಭಾರ. ಮೊದಲ ದಿನ ಮೂರು ಸುತ್ತಿನಲ್ಲಿ 14, 11, 9 ಆಗುತ್ತದೆ ಎನ್ನೋಣ. ಪ್ರತಿ ಸಲ ಯಾವುದಾದರೊಂದು ಸುತ್ತಿನಲ್ಲಿ ಒಂದು ಹೆಚ್ಚಿಸುವುದಷ್ಟೇ ಅವನ ಗುರಿ. ಮೊದಲ ಸುತ್ತು 20 ಮುಟ್ಟಿ, ಕೊನೆಯದು 15 ಮುಟ್ಟಿದ ದಿನ ಮುಂದಿನ ಮೆಟ್ಟಿಲು, ಎಂದರೆ ನೆಲ. ನೆಲದಲ್ಲಿ ಎಣಿಕೆ ಮತ್ತೆ 9, 8, 7ಕ್ಕೆ ಇಳಿಯುತ್ತದೆ. ಇಳಿದದ್ದು ಸಂಖ್ಯೆ, ಭಾರ ಏರಿದೆ ಎನ್ನುವುದನ್ನು ನೋಟ್‌ಬುಕ್ ತೋರಿಸುತ್ತದೆ. ಅಷ್ಟರಲ್ಲಿ ಇಂಟರ್ನಲ್ಸ್ ಬಂತು. ಆ ವಾರ ಕೊನೆಯ ಪೇಪರಿನ ಸಂಜೆ ಒಂದೇ ಸುತ್ತು: ನೆಲದ ಮೇಲೆ 9 ಪುಷ್‌ಅಪ್, ಅಷ್ಟೇ ಬಾಟಲಿಗಳ ಬ್ಯಾಗ್, ಅದೇ ಬಸ್ಕಿ, ಅದೇ ಸೇತುವೆ. ಸುಸ್ತಾಗಿದೆ ಎಂದು ಮಂಚದ ಮೆಟ್ಟಿಲಿಗೆ ಇಳಿದು 25 ಹೊಡೆಯುವಂತಿಲ್ಲ, ಷರತ್ತು ಮುರಿಯುವುದು ಅಲ್ಲೇ. ಮುಂದಿನ ವಾರ ಮೂರು ಸುತ್ತಿಗೆ ಮರಳುತ್ತಾನೆ. ಸೆಮಿಸ್ಟರಿನ ಕೊನೆಗೆ ಥಿಯರಿ ಪರೀಕ್ಷೆಗಳು ನಾಲ್ಕು ವಾರ ಹರಡಿಕೊಂಡರೆ ನಾಲ್ಕು ಸುತ್ತು, ಒಟ್ಟು ಅರ್ಧ ಗಂಟೆ ಚಿಲ್ಲರೆ. ಒಂದು ಪೇಪರ್ ಮುಂದೆ ಹೋದರೆ ಪಟ್ಟಿಯಲ್ಲಿ ಏನನ್ನೂ ತಿದ್ದಬೇಕಿಲ್ಲ, ಕಾಯುವ ವಾರ ಇನ್ನೊಂದು ಸೇರುತ್ತದೆ, ಅಷ್ಟೇ.

ಮೂರು ಆಕ್ಷೇಪಗಳು

ಇದರಿಂದ ನಿಜವಾದ ಬಲ ಬರುವುದಿಲ್ಲ ಎನ್ನುವ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಒಮ್ಮೆಗೆ ನೂರು ಕೆ.ಜಿ. ಎತ್ತಬೇಕೆನ್ನುವವನಿಗೆ ಭಾರವೇ ಬೇಕು, ಮೆಕ್‌ಮಾಸ್ಟರ್ ಪ್ರಯೋಗ ಹೇಳಿದ್ದೂ ಅದನ್ನೇ. ಈ ನಾಲ್ಕು ಚಲನೆಗಳಲ್ಲಿ ದುರ್ಬಲವಾದದ್ದು ಎಳೆತ. ಹತ್ತು ಹನ್ನೆರಡು ಕೆ.ಜಿ.ಗಿಂತ ಹೆಚ್ಚನ್ನು ಕಾಲೇಜು ಬ್ಯಾಗು ತಾಳುವುದಿಲ್ಲ, ಬೆನ್ನಿನ ದೊಡ್ಡ ಸ್ನಾಯುಗಳಿಗೆ ಅದು ಬೇಗ ಹಗುರವಾಗುತ್ತದೆ. ಬ್ಯಾಗನ್ನು ಮೇಲೆ ಎರಡು ಸೆಕೆಂಡ್ ಹಿಡಿದು, ಮೂರು ಸೆಕೆಂಡಿನಲ್ಲಿ ಇಳಿಸಿ, ಎಣಿಕೆಯನ್ನು 30ರವರೆಗೆ ಒಯ್ದರೆ ಇನ್ನಷ್ಟು ತಿಂಗಳು ನಡೆಯುತ್ತದೆ. ಆಮೇಲೆ ಮೈದಾನದ ಸಿಂಗಲ್ ಬಾರ್ ಹುಡುಕಬೇಕು. ಅನೇಕ ಕಾಲೇಜು ಮೈದಾನಗಳಲ್ಲಿ ಅದಿದೆ, ವಾರಕ್ಕೊಮ್ಮೆ ಹೋದರೂ ಕೊರತೆ ನೀಗುತ್ತದೆ. ಬಾಗಿಲಿಗೆ ಬೆಡ್‌ಶೀಟ್ ಸಿಕ್ಕಿಸಿ ಜೋತುಬೀಳುವುದು, ಹಗುರ ಮೇಜಿನ ಅಂಚು ಹಿಡಿದು ಕೆಳಗಿನಿಂದ ಎದ್ದೇಳುವುದು ವಿಡಿಯೊಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹಾಸ್ಟೆಲಿನ ಸಡಿಲ ಬಾಗಿಲು, ಮೇಜುಗಳನ್ನು ನಂಬಿ ಅದನ್ನು ಮಾಡಬಾರದು. ಓಟದ ದಮ್ಮು ಬೇರೆ ವಿಷಯ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧವಾಗುವವರು ಓಡಲೇಬೇಕು, ರೂಮಿನಲ್ಲಿ ಅದಕ್ಕೆ ಬದಲಿಯಿಲ್ಲ.

ಮೆಸ್ಸಿನ ಅನ್ನ ಸಾರಿನಲ್ಲಿ ಪ್ರೋಟೀನ್ ಎಲ್ಲಿದೆ ಎನ್ನುವುದು ಎರಡನೆಯ ಆಕ್ಷೇಪ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಶಿಫಾರಸು ಪ್ರತಿ ಕೆ.ಜಿ. ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ. ನಮ್ಮ ವಿದ್ಯಾರ್ಥಿಗೆ 50 ಗ್ರಾಂ ಆಗುತ್ತದೆ. ಸ್ನಾಯು ಕಟ್ಟುವವರಿಗೆ 1.6 ಗ್ರಾಂವರೆಗೆ ಪ್ರಯೋಜನ ಕಂಡಿದೆ. ಆದರೆ ಅವೇ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಲಾಭದ ದೊಡ್ಡ ಪಾಲು ಬಂದದ್ದು ತರಬೇತಿಯಿಂದ, ಹೆಚ್ಚುವರಿ ಪ್ರೋಟೀನ್ ಸೇರಿಸಿದ್ದು ಸಣ್ಣ ಪಾಲು. ಹೀಗಾಗಿ ಡಬ್ಬದ ಪುಡಿ ಇಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ. 50 ಗ್ರಾಂ ಕಡಲೆಬೀಜದಲ್ಲಿ ಸುಮಾರು 12 ಗ್ರಾಂ, ಅಷ್ಟೇ ಹುರಿಗಡಲೆಯಲ್ಲಿ ಸುಮಾರು 10 ಗ್ರಾಂ, ಎರಡು ಮೊಟ್ಟೆಯಲ್ಲಿ 12 ಗ್ರಾಂ ಪ್ರೋಟೀನ್ ಇದೆ. ಮೆಸ್ಸಿನಲ್ಲಿ ಸಾಂಬಾರನ್ನು ತಿಳಿಯಾಗಿ ಬಡಿಸಿಕೊಳ್ಳದೆ ಸೌಟನ್ನು ತಳಕ್ಕೆ ಬಿಟ್ಟು ಬೇಳೆ ಕೇಳಿ ಹಾಕಿಸಿಕೊಳ್ಳುವುದಕ್ಕೆ ಖರ್ಚೇ ಇಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ: ಪರೀಕ್ಷೆ ಕಾಲದಲ್ಲಿ ದಣಿದರೆ ಓದು ಕೆಡುವುದಿಲ್ಲವೇ? ತಪ್ಪು ಹೊತ್ತಿನಲ್ಲಿ ಮಾಡಿದರೆ ಕೆಡುತ್ತದೆ. ಬೆಳಗ್ಗೆ ಭುಜ, ತೋಳುಗಳನ್ನು ಸೋಲಿನವರೆಗೆ ದಣಿಸಿ ಮೂರು ಗಂಟೆ ಬರೆಯಲು ಕೂತರೆ ಕೈ ಸೋಲುತ್ತದೆ. ಹೊಸ ಚಲನೆ ಮಾಡಿದ ಮೇಲೆ ಮೈಕೈ ನೋವು ಅದೇ ದಿನವಲ್ಲ, ಒಂದರಿಂದ ಮೂರು ದಿನಗಳ ನಡುವೆ ಹೆಚ್ಚಾಗುತ್ತದೆ. ಆದ್ದರಿಂದ ಕಾಯುವ ವಾರದ ಸುತ್ತು ಪೇಪರ್ ಮುಗಿದ ಸಂಜೆಗೆ, ನಾಳೆ ಪರೀಕ್ಷೆ ಇಲ್ಲದ ದಿನಕ್ಕೆ. ಹೊಸ ಮೆಟ್ಟಿಲನ್ನು ಪರೀಕ್ಷೆ ಮುಗಿಯುವವರೆಗೆ ಮುಟ್ಟುವಂತಿಲ್ಲ. ಪರಿಚಿತ ಚಲನೆಯ ಒಂದೇ ಸೆಟ್ ಅಂಥ ನೋವು ಕೊಡುವುದು ಕಡಿಮೆ. ನಿದ್ದೆಯಲ್ಲಿ ಕಡಿತ ಮಾಡಿ ಇದಕ್ಕೆ ಸಮಯ ಹೊಂದಿಸುವುದಂತೂ ಬೇಡ, ವಾರಕ್ಕೆ ಎಂಟು ನಿಮಿಷಕ್ಕೆ ನಿದ್ದೆ ಬಿಡಬೇಕಾದ ಪ್ರಸಂಗ ಬರುವುದೂ ಇಲ್ಲ.

ಅಪಾಯವಿರುವುದು ಪರೀಕ್ಷೆಯ ವಾರಕ್ಕಿಂತ ಅದು ಮುಗಿದ ಮರುದಿನ. ತಿಂಗಳು ಪೂರ್ತಿ ಬಿಟ್ಟವನು ರೂಮ್‌ಮೇಟ್ ಜತೆ ಪಂದ್ಯ ಕಟ್ಟಿ ಒಂದೇ ದಿನ ಇನ್ನೂರು ಮುನ್ನೂರು ಬಸ್ಕಿ ಹೊಡೆದರೆ ಬರೀ ನೋವಿಗೆ ನಿಲ್ಲದೆ ಸ್ನಾಯುವಿನ ಜೀವಕೋಶಗಳು ಒಡೆದು, ಅವುಗಳ ಅಂಶ ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಇದನ್ನು ವೈದ್ಯರು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ತೊಡೆ ಊದಿಕೊಂಡು ಮಡಚಲಾಗದಿದ್ದರೆ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ನೀರು ಕುಡಿದು ಮಲಗಿ ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡು ವಾರಕ್ಕಿಂತ ಹೆಚ್ಚು ಪೂರ್ತಿ ಬಿಟ್ಟಿದ್ದರೆ ಒಂದು ಮೆಟ್ಟಿಲು ಕೆಳಗೆ, ಒಂದೇ ಸುತ್ತಿನಿಂದ ಮರಳುವುದು ಸುರಕ್ಷಿತ. ಕಾಯುವ ವಾರದ ಆ ಒಂದು ಸುತ್ತಿಗೆ ಇನ್ನೊಂದು ಬೆಲೆಯೂ ಇದೆ: ಸ್ನಾಯುಗಳಿಗೆ ಆ ಚಲನೆಯ ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವುದರಿಂದ ಮರಳುವ ದಿನದ ಪೆಟ್ಟು ಕಡಿಮೆಯಾಗುತ್ತದೆ.

ಈ ವಾದವನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಿಲ್ಲ, ನೋಟ್‌ಬುಕ್ಕಿನಲ್ಲೇ ಪರೀಕ್ಷಿಸಬಹುದು. ಪರೀಕ್ಷೆಗಳಿಗೆ ಮುಂಚಿನ ಕೊನೆಯ ಪೂರ್ಣ ಅಭ್ಯಾಸದ ಮೊದಲ ಸುತ್ತನ್ನೂ ಪರೀಕ್ಷೆ ಮುಗಿದ ಮೇಲಿನ ಮೊದಲ ಸುತ್ತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರಾಯಿತು. ಅದೇ ಮೆಟ್ಟಿಲಿನಲ್ಲಿ ಎಣಿಕೆ ಒಂದೆರಡರ ಅಂತರದಲ್ಲಿದ್ದರೆ ಎಂಟು ನಿಮಿಷ ತನ್ನ ಕೆಲಸ ಮಾಡಿದೆ. ನಾಲ್ಕೈದು ಕುಸಿದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಆ ಸುತ್ತುಗಳಲ್ಲಿ ಕೊನೆಯ ಪುಷ್‌ಅಪ್ ನಿಜಕ್ಕೂ ನಿಧಾನವಾಗಿತ್ತೇ ಎಂಬುದು. ಆಗಿತ್ತು ಎಂದಾದರೆ ಮುಂದಿನ ಸೆಮಿಸ್ಟರಿನ ಕಾಯುವ ವಾರಕ್ಕೆ ಒಂದರ ಬದಲು ಎರಡು ಸುತ್ತು ಇಟ್ಟುಕೊಂಡರೆ ಸರಿ. ಹದಿನಾರು ನಿಮಿಷ ಬಿಡುವಿಲ್ಲದ ಪರೀಕ್ಷೆಯ ವಾರ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.